ಕಲಬೆರಕೆ ಇಲ್ಲದ ಸಿರಪ್ ಕೂಡ ಮಗುವಿಗೆ ಏಕೆ ಬೇಡ?

2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಮೂತ್ರಪಿಂಡ ಕೈಕೊಟ್ಟು ಸತ್ತರು. ಅವರಿಗೆ ಕೊಟ್ಟಿದ್ದ ಕೋಲ್ಡ್ರಿಫ್ ಎಂಬ ಸಿರಪ್ಪಿನಲ್ಲಿ ಶೇಕಡಾ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತೆಂದು ತಮಿಳುನಾಡಿನ ಪ್ರಯೋಗಾಲಯ ಕಂಡುಹಿಡಿಯಿತು. ಅಂದಿನಿಂದ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ನಮ್ಮ ಮನೆಯಲ್ಲಿರುವ ಬಾಟಲಿ ಸುರಕ್ಷಿತವೇ, ಅದರಲ್ಲಿ ವಿಷ ಬೆರೆತಿಲ್ಲವಷ್ಟೇ?

ಆ ಭಯ ಸಹಜ. ಆದರೆ ಅದರ ನೆರಳಿನಲ್ಲಿ ಇನ್ನೊಂದು ಪ್ರಶ್ನೆ ಮರೆಯಾಗಿದೆ. ಬಾಟಲಿಯಲ್ಲಿ ವಿಷವೇ ಇಲ್ಲ, ಅದರ ಮೇಲಿನ ಚೀಟಿಯಲ್ಲಿ ಬರೆದಿರುವುದಷ್ಟೇ ಇದೆ, ಪ್ರತಿ ಮಿಲಿಗ್ರಾಂ ಕೂಡ ಸರಿಯಾಗಿದೆ ಎಂದಿಟ್ಟುಕೊಳ್ಳಿ. ಆಗ ಅದನ್ನು ಗಂಟಲು ನೋವಿರುವ ಮೂರು ವರ್ಷದ ಮಗುವಿಗೆ ಕೊಡಬಹುದೇ? ನಮ್ಮ ಔಷಧ ಅಂಗಡಿಗಳಲ್ಲಿ ಕೆಮ್ಮು, ನೆಗಡಿ, ಗಂಟಲು ನೋವು ಎಲ್ಲಕ್ಕೂ ಸೇರಿಸಿ ಕೈಗೆ ಬರುವ ಸಿರಪ್‌ಗಳಲ್ಲಿ ಎರಡು ಬಗೆಯ ಔಷಧಗಳ ವಿಚಾರದಲ್ಲಿ ಉತ್ತರ ಸ್ಪಷ್ಟವಾಗಿದೆ: ಕೊಡಬಾರದು. ಒಂದು, ಅಫೀಮಿನ ಕುಟುಂಬಕ್ಕೆ ಸೇರಿದ ಕೊಡೀನ್. ಇನ್ನೊಂದು, ನಿದ್ದೆ ತರಿಸುವ ಆಂಟಿಹಿಸ್ಟಮಿನ್‌ಗಳು, ಅಂದರೆ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್ ಮುಂತಾದವು. ಕೋಲ್ಡ್ರಿಫ್‌ನ ಚೀಟಿಯಲ್ಲಿದ್ದ ಮೂರು ಔಷಧಗಳಲ್ಲಿ ಕ್ಲೋರ್‌ಫೆನಿರಮಿನ್ ಕೂಡ ಒಂದಾಗಿತ್ತು.

ಕೊಡೀನ್‌ನ ಅಪಾಯವನ್ನು ವೈದ್ಯಲೋಕ ಗಂಭೀರವಾಗಿ ಪರಿಗಣಿಸುವಂತೆ ಮಾಡಿದ್ದು ಒಂದು ಮಗುವಿನ ಸಾವು. ಕೆನಡಾದ ತಜ್ಞರು ಅದನ್ನು 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ವರದಿ ಮಾಡಿದರು. ಎರಡು ವರ್ಷದ ಗಂಡು ಮಗು, ತೂಕ 13 ಕಿಲೋ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿತ್ತು, ಆಗಾಗ ಉಸಿರು ತಡೆಯುತ್ತಿತ್ತು. ಅದಕ್ಕಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿ ಮನೆಗೆ ಕಳುಹಿಸಿದರು. ಗಂಟಲು ನೋವಿಗೆಂದು ಪ್ಯಾರಾಸಿಟಮಾಲ್ ಜೊತೆ ಕೊಡೀನ್ ಇರುವ ಸಿರಪ್ ಬರೆದುಕೊಟ್ಟರು. ಪ್ರತಿ 4ರಿಂದ 6 ಗಂಟೆಗೊಮ್ಮೆ 10ರಿಂದ 12.5 ಮಿಲಿಗ್ರಾಂ ಕೊಡೀನ್. ಎರಡನೆಯ ರಾತ್ರಿ ಮಗುವಿಗೆ ಜ್ವರ ಬಂತು, ಉಸಿರಿನಲ್ಲಿ ಸದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ನೋಡಿದಾಗ ಮಗು ಸತ್ತಿತ್ತು.

ತಂದೆತಾಯಿ ಹೆಚ್ಚು ಔಷಧ ಕೊಟ್ಟಿರಲಿಲ್ಲ. ಲೆಕ್ಕ ಹಾಕಿ ನೋಡಿ: 13 ಕಿಲೋ ಮಗುವಿಗೆ 10ರಿಂದ 12.5 ಮಿಲಿಗ್ರಾಂ ಎಂದರೆ ಪ್ರತಿ ಕಿಲೋಗೆ ಸುಮಾರು 0.8ರಿಂದ 0.96 ಮಿಲಿಗ್ರಾಂ. ಅಂದಿನ ವೈದ್ಯಕೀಯ ಪುಸ್ತಕಗಳು ಮಕ್ಕಳಿಗೆ ಪ್ರತಿ ಕಿಲೋಗೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಡಬಹುದು ಎನ್ನುತ್ತಿದ್ದವು. ಪ್ರಮಾಣ ಆ ಮಿತಿಯೊಳಗೇ ಇತ್ತು. ಹಾಗಿದ್ದೂ ಮಗುವಿನ ರಕ್ತದಲ್ಲಿ ಅಪಾಯಕಾರಿ ಮಟ್ಟದ ಮಾರ್ಫಿನ್ ಸಿಕ್ಕಿತು.

ಮಾರ್ಫಿನ್ ಎಲ್ಲಿಂದ ಬಂತು? ಕೊಡೀನ್ ತಾನೇ ಹೆಚ್ಚೇನೂ ಕೆಲಸ ಮಾಡುವ ವಸ್ತುವಲ್ಲ. ಅದು ಯಕೃತ್ತನ್ನು ತಲುಪಿದಾಗ ಸಿವೈಪಿ2ಡಿ6 ಎಂಬ ಕಿಣ್ವ ಅದರ ಒಂದು ಪಾಲನ್ನು, ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹತ್ತು ಭಾಗವನ್ನು, ಮಾರ್ಫಿನ್ ಆಗಿ ಬದಲಿಸುತ್ತದೆ. ನೋವು ತಗ್ಗಿಸುವುದೂ, ಉಸಿರಾಟವನ್ನು ನಿಧಾನಗೊಳಿಸುವುದೂ ಬಹುಪಾಲು ಈ ಮಾರ್ಫಿನ್‌ನ ಕೆಲಸ. ಆ ಕಿಣ್ವದ ಕಸುವು ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಕೆಲವರಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ, ಅವರಿಗೆ ಕೊಡೀನ್ ಕೊಟ್ಟರೂ ನೋವು ಇಳಿಯುವುದಿಲ್ಲ. ಇನ್ನು ಕೆಲವರಲ್ಲಿ ಈ ಕಿಣ್ವದ ವಂಶವಾಹಿ ಹೆಚ್ಚುವರಿ ಪ್ರತಿಗಳಲ್ಲಿ ಇರುತ್ತದೆ. ಅಂಥವರಲ್ಲಿ ಮಾಮೂಲಿ ಪ್ರಮಾಣದ ಕೊಡೀನ್ ಕೂಡ ಬೇಗನೆ, ಬಹಳಷ್ಟು ಮಾರ್ಫಿನ್ ಆಗಿಬಿಡುತ್ತದೆ. ಸತ್ತ ಮಗು ಈ ಗುಂಪಿಗೆ ಸೇರಿತ್ತೆಂದು ವಂಶವಾಹಿ ಪರೀಕ್ಷೆ ತೋರಿಸಿತು. ಕೆಲವು ಜನಸಮುದಾಯಗಳಲ್ಲಿ ಇಂಥವರು ನೂರಕ್ಕೆ ಒಬ್ಬಿಬ್ಬರು, ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕೆಲವೆಡೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಮಗುವಿನ ಮುಖ ನೋಡಿ ಇದನ್ನು ಹೇಳಲು ಯಾವ ವೈದ್ಯರಿಗೂ ಆಗದು. ಗಂಟಲು ನೋವೆಂದು ಬಂದ ಮಗುವಿಗೆ ಯಾರೂ ವಂಶವಾಹಿ ಪರೀಕ್ಷೆ ಮಾಡಿಸುವುದೂ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಕೊಡೀನ್‌ಗೆ ‘ಸುರಕ್ಷಿತ ಮಕ್ಕಳ ಡೋಸ್’ ಎಂಬುದನ್ನು ಹುಡುಕುವುದೇ ತಪ್ಪು ದಾರಿ. ಚಮಚದಲ್ಲಿ ಎಷ್ಟು ಸುರಿಯುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಅದರಲ್ಲಿ ಎಷ್ಟು ಮಾರ್ಫಿನ್ ಆಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಹಂತ ಹಂತವಾಗಿ ಇದೇ ನಿಲುವಿಗೆ ಬಂತು. 2013ರಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ಮಕ್ಕಳಿಗೆ ಕೊಡೀನ್ ಕೊಡಬಾರದೆಂದಿತು. 1969ರಿಂದ 2015ರವರೆಗೆ ತನಗೆ ಬಂದಿದ್ದ ವರದಿಗಳನ್ನು ತೆಗೆದು ನೋಡಿದಾಗ, ಕೊಡೀನ್ ಪಡೆದ 18ಕ್ಕಿಂತ ಕಿರಿಯರಲ್ಲಿ ಉಸಿರಾಟದ ಗಂಭೀರ ತೊಂದರೆಯ 64 ಪ್ರಕರಣಗಳು ಕಂಡವು, ಅವುಗಳಲ್ಲಿ 24 ಸಾವಿನಲ್ಲಿ ಮುಗಿದಿದ್ದವು. 2017ರಲ್ಲಿ 12 ವರ್ಷದೊಳಗಿನವರಿಗೆ ನೋವಿಗೂ ಬೇಡ, ಕೆಮ್ಮಿಗೂ ಬೇಡ ಎಂದಿತು. 2018ರಲ್ಲಿ ಕೊಡೀನ್ ಇರುವ ಕೆಮ್ಮಿನ ಔಷಧಗಳನ್ನು 18 ತುಂಬಿದವರಿಗಷ್ಟೇ ಸೀಮಿತಗೊಳಿಸಿತು. ಯುರೋಪಿನ ಸಂಸ್ಥೆ 2015ರಲ್ಲೇ 12ರೊಳಗಿನ ಮಕ್ಕಳ ಕೆಮ್ಮು ನೆಗಡಿಗೆ ಕೊಡೀನ್ ನಿಷಿದ್ಧ ಎಂದು ಹೇಳಿತ್ತು.

ಗಂಟಲು ನೋವಿರುವ ಮಗುವಿನಲ್ಲಿ ಈ ಅಪಾಯ ಇನ್ನಷ್ಟು ಹೆಚ್ಚುವುದಕ್ಕೆ ಕಾರಣ ಗಂಟಲಿನಲ್ಲೇ ಇದೆ. ಎರಡರಿಂದ ಎಂಟು ವರ್ಷದ ನಡುವೆ ಮಕ್ಕಳ ಟಾನ್ಸಿಲ್ ಮತ್ತು ಅಡಿನಾಯ್ಡ್‌ಗಳು ಗಂಟಲಿನ ಅಳತೆಗೆ ಹೋಲಿಸಿದರೆ ಬಹಳ ದೊಡ್ಡವಾಗಿರುತ್ತವೆ. ಸೋಂಕು ತಗುಲಿದಾಗ ಅವು ಮತ್ತೂ ಊದಿಕೊಳ್ಳುತ್ತವೆ. ಶ್ವಾಸಮಾರ್ಗ ಚಿಕ್ಕದಿದ್ದಷ್ಟೂ ಊತದ ಪರಿಣಾಮ ದೊಡ್ಡದು. 4 ಮಿಲಿಮೀಟರ್ ಅಗಲದ ದಾರಿಯ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿದರೆ ಉಳಿಯುವುದು 2 ಮಿಲಿಮೀಟರ್ ಅಗಲ; ಗಾಳಿ ಹೋಗುವ ಜಾಗದ ಮುಕ್ಕಾಲು ಪಾಲು ಮುಚ್ಚಿದಂತೆ. ವಯಸ್ಕರ ಅಗಲವಾದ ದಾರಿಯಲ್ಲಿ ಅಷ್ಟೇ ಊತ ಬಂದರೆ ಗಮನಕ್ಕೂ ಬರಲಿಕ್ಕಿಲ್ಲ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ದಾರಿ ಇನ್ನೂ ಕಿರಿದಾಗುತ್ತದೆ. ಆರೋಗ್ಯವಂತ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ದೇಹ ತಾನೇ ಕಾವಲಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೊಡನೆ ಮಿದುಳು ಎಚ್ಚರಿಸುತ್ತದೆ: ಮಗು ಅರೆಎಚ್ಚರವಾಗಿ ಮಗ್ಗುಲು ಬದಲಿಸುತ್ತದೆ, ಜೋರಾಗಿ ಉಸಿರೆಳೆಯುತ್ತದೆ, ಅಳುತ್ತದೆ. ಗಂಟಲು ನೋವಿನ ಮಗು ರಾತ್ರಿಯಿಡೀ ಚಡಪಡಿಸುವುದರಲ್ಲಿ ಈ ಕಾವಲಿನ ಪಾಲೂ ಇರುತ್ತದೆ. ಮಾರ್ಫಿನ್ ಮೊದಲು ಮಂಕು ಮಾಡುವುದು ಇದೇ ಪ್ರತಿಕ್ರಿಯೆಯನ್ನು. ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಮಿದುಳಿಗೆ ಅದರ ಅರಿವು ತಡವಾಗುತ್ತದೆ. ನಿದ್ದೆ ಬರಿಸುವ ಆಂಟಿಹಿಸ್ಟಮಿನ್ ಜೊತೆಗೂಡಿದರೆ ಎಚ್ಚರಗೊಳ್ಳುವುದೂ ತಡವಾಗುತ್ತದೆ. ಹೀಗೆ ಕಿರಿದಾದ ದಾರಿ, ಗಾಢ ನಿದ್ದೆ, ಮಂಕಾದ ಕಾವಲು ಮೂರೂ ಒಂದೇ ರಾತ್ರಿ ಕೂಡಿಬರುತ್ತವೆ. ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿನಲ್ಲಿ ಇದು ಇನ್ನೂ ಸುಲಭವಾಗಿ ಸಂಭವಿಸುತ್ತದೆ.

ಭಾರತದಲ್ಲಿ ಬಹುಕಾಲ ಮಾರಾಟವಾದ ಕೊಡೀನ್ ಸಿರಪ್‌ಗಳ ಒಂದು ಸಾಮಾನ್ಯ ಮಿಶ್ರಣವೆಂದರೆ 5 ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ ಕೊಡೀನ್ ಮತ್ತು 4 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್. ಮನೆಯಲ್ಲಿ ದೊಡ್ಡವರಿಗೆಂದು ತಂದು ಉಳಿದ ಇಂಥ ಬಾಟಲಿಯಿಂದ ‘ಒಂದೇ ಒಂದು ಚಮಚ’ವನ್ನು 12 ಕಿಲೋ ತೂಕದ ಮಗುವಿಗೆ ಕುಡಿಸಿದರೆ ಏನಾಗುತ್ತದೆ ನೋಡಿ. ಕೊಡೀನ್ ಪ್ರತಿ ಕಿಲೋಗೆ 0.83 ಮಿಲಿಗ್ರಾಂ ಆಗುತ್ತದೆ. ಮೇಲೆ ಹೇಳಿದ ಮಗುವಿಗೆ ಒಂದು ಸಲಕ್ಕೆ ಸಿಗುತ್ತಿದ್ದುದು ಹೆಚ್ಚುಕಡಿಮೆ ಇಷ್ಟೇ. ಇನ್ನು 4 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್ ಎನ್ನುವುದು ವಯಸ್ಕರ ಒಂದು ಪೂರ್ತಿ ಮಾತ್ರೆ. ಅಲರ್ಜಿಗೆ ವೈದ್ಯರು ಎರಡರಿಂದ ಐದು ವರ್ಷದವರಿಗೆ ಕೊಡುವ 1 ಮಿಲಿಗ್ರಾಂನ ನಾಲ್ಕು ಪಟ್ಟು. ಒಂದು ಚಮಚದಲ್ಲಿ ಎರಡು ಬಗೆಯ ಮಂಪರು ಒಟ್ಟಿಗೆ. ಕ್ಲೋರ್‌ಫೆನಿರಮಿನ್ ಮತ್ತು ಕೊಡೀನ್ ಬೆರೆಸಿದ ಸಿರಪ್ಪನ್ನು ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಷೇಧಿತ ಮಿಶ್ರಣಗಳ ಪಟ್ಟಿಗೆ ಸೇರಿಸಿತು. ಆದರೆ ಹಳೆಯ ಬಾಟಲಿಗಳು ಮನೆಯ ಕಪಾಟಿನಿಂದ ತಾವಾಗಿಯೇ ಹೋಗುವುದಿಲ್ಲ.

ಕೊಡೀನ್ ಇಲ್ಲದಿದ್ದರೆ ಸಾಕಲ್ಲವೇ, ಕ್ಲೋರ್‌ಫೆನಿರಮಿನ್ ಬರೀ ನೆಗಡಿಯ ಔಷಧ ತಾನೇ ಎಂದು ಅನೇಕರು ಕೇಳುತ್ತಾರೆ. ಇಲ್ಲಿ ನಾವು ಯಾವ ಕಾಯಿಲೆಗೆ ಯಾವ ಔಷಧ ಕೊಡುತ್ತಿದ್ದೇವೆ ಎಂಬುದನ್ನು ನೋಡಬೇಕು. ಚಿಕ್ಕ ಮಕ್ಕಳ ಗಂಟಲು ನೋವು ಹೆಚ್ಚಿನ ಸಲ ವೈರಸ್‌ನಿಂದ ಬರುತ್ತದೆ. ಅದರಲ್ಲಿ ಊತ ಮತ್ತು ನೋವನ್ನು ಉಂಟುಮಾಡುವುದು ಪ್ರೊಸ್ಟಗ್ಲ್ಯಾಂಡಿನ್, ಬ್ರಾಡಿಕೈನಿನ್ ಎಂಬ ರಾಸಾಯನಿಕಗಳು. ಅಲರ್ಜಿಯಲ್ಲಿ ಮುಖ್ಯ ಪಾತ್ರ ವಹಿಸುವ ಹಿಸ್ಟಮಿನ್‌ಗೆ ಇಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಆಂಟಿಹಿಸ್ಟಮಿನ್ ತಡೆಯುವುದು ಹಿಸ್ಟಮಿನ್ ಅನ್ನು, ಆ ರಾಸಾಯನಿಕಗಳನ್ನಲ್ಲ, ಹಾಗಾಗಿ ಗಂಟಲಿನ ಊತಕ್ಕೂ ನೋವಿಗೂ ಅದರಿಂದ ಪ್ರಯೋಜನವಿಲ್ಲ. ಹಳೆಯ ಆಂಟಿಹಿಸ್ಟಮಿನ್‌ಗಳಿಗೆ ಬಾಯಿ ಮೂಗು ಒಣಗಿಸುವ ಗುಣವೊಂದಿದೆ. ಸುರಿಯುವ ಮೂಗು ಸ್ವಲ್ಪ ನಿಲ್ಲಬಹುದು, ಆದರೆ ನೋಯುತ್ತಿರುವ ಗಂಟಲು ಒಣಗಿದರೆ ನುಂಗುವುದು ಮತ್ತಷ್ಟು ಕಷ್ಟ, ಕಫ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಉಳಿಯುವುದು ನಿದ್ದೆ ಬರಿಸುವ ಗುಣ. ಈ ಸಿರಪ್‌ಗಳು ಕೆಲಸ ಮಾಡುತ್ತವೆ ಎಂಬ ನಂಬಿಕೆಯ ಬೇರು ಅಲ್ಲೇ ಇದೆ. ಸಂಜೆ ಅಳುತ್ತಿದ್ದ ಮಗು ಸಿರಪ್ ಕುಡಿದು ಅರ್ಧ ಗಂಟೆಯಲ್ಲಿ ಮಲಗುತ್ತದೆ, ದಣಿದ ಅಪ್ಪ ಅಮ್ಮನಿಗೆ ನೆಮ್ಮದಿಯಾಗುತ್ತದೆ. ಅವರ ದಣಿವು ನಿಜ, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಮಗುವಿನ ಗಂಟಲಿನಲ್ಲಿ ಏನೂ ಬದಲಾಗಿರುವುದಿಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಾತ್ರಿ ಕೆಮ್ಮುತ್ತಿದ್ದ 100 ಮಕ್ಕಳನ್ನು ಮೂರು ಗುಂಪು ಮಾಡಿ ಡೈಫೆನ್‌ಹೈಡ್ರಮಿನ್, ಕೆಮ್ಮು ತಡೆಯುವ ಡೆಕ್ಸ್ಟ್ರೊಮೆಥಾರ್ಫನ್ ಅಥವಾ ಔಷಧವಿಲ್ಲದ ಸಿಹಿ ಸಿರಪ್ ಕೊಟ್ಟರು. ಮರುರಾತ್ರಿ ಮೂರೂ ಗುಂಪಿನ ಮಕ್ಕಳು ಸುಧಾರಿಸಿದ್ದರು. ಔಷಧ ಪಡೆದವರು ಬರೀ ಸಿಹಿ ನೀರು ಪಡೆದವರಿಗಿಂತ ಮುಂದಿರಲಿಲ್ಲ, ಮಕ್ಕಳ ನಿದ್ದೆಯಲ್ಲೂ ಹೆಚ್ಚಿನ ಲಾಭ ಕಾಣಲಿಲ್ಲ. ಕೊಡೀನ್ ಬಗ್ಗೆ 1993ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದ ಫಲಿತಾಂಶವೂ ಹೀಗೇ ಇತ್ತು. ವೈರಸ್‌ನ ಕಾಯಿಲೆ ತನ್ನಷ್ಟಕ್ಕೆ ಇಳಿಯುತ್ತದೆ, ಇಳಿದ ಶ್ರೇಯಸ್ಸು ಆ ಹೊತ್ತಿನಲ್ಲಿ ಕೈಯಲ್ಲಿದ್ದ ಬಾಟಲಿಗೆ ಹೋಗುತ್ತದೆ.

ಲಾಭವಿಲ್ಲದ ಕಡೆ ಸಣ್ಣ ಅಪಾಯವೂ ದುಬಾರಿಯೇ. ಕ್ಲೋರ್‌ಫೆನಿರಮಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಮಕ್ಕಳಲ್ಲಿ ಸುಮಾರು ಅರ್ಧ ದಿನ ಬೇಕು. ದಿನಕ್ಕೆ ಮೂರು ಸಲ ಕೊಟ್ಟರೆ ಹಿಂದಿನದು ಹೋಗುವ ಮೊದಲೇ ಹೊಸದು ಸೇರಿ ಎರಡನೆಯ, ಮೂರನೆಯ ದಿನ ಮಂಪರು ಹೆಚ್ಚುತ್ತದೆ. ಪ್ರಮಾಣ ಮೀರಿದರೆ ಕೆಲವು ಮಕ್ಕಳು ಮಲಗುವ ಬದಲು ಉದ್ರೇಕಗೊಂಡು ಕಿರುಚಾಡುತ್ತಾರೆ, ಹೃದಯ ಬಡಿತ ಏರುತ್ತದೆ, ಫಿಟ್ಸ್ ಕೂಡ ಬರಬಹುದು. ಪ್ರೊಮೆಥಜಿನ್ ಇದಕ್ಕಿಂತಲೂ ಕೆಟ್ಟದ್ದು. ಉಸಿರು ನಿಂತು ಸಾವು ಸಂಭವಿಸಿದ್ದರಿಂದ ಎರಡು ವರ್ಷದೊಳಗಿನವರಿಗೆ ಅದನ್ನು ಕೊಡಲೇಬಾರದೆಂಬ ಎಚ್ಚರಿಕೆ ಅಮೆರಿಕದಲ್ಲಿ ಎರಡು ದಶಕಗಳಿಂದ ಅದರ ಚೀಟಿಯ ಮೇಲಿದೆ. ಹನಿ ಲೆಕ್ಕದ ಡ್ರಾಪ್ಸ್‌ನ ಬಗ್ಗೆಯೂ ಎಚ್ಚರ ಬೇಕು. ಕೆಲವು ಡ್ರಾಪ್ಸ್‌ಗಳಲ್ಲಿ ಒಂದು ಮಿಲಿಲೀಟರ್‌ಗೇ 2 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದನ್ನು ಸಿರಪ್ ಎಂದು ತಿಳಿದು 5 ಮಿಲಿಲೀಟರ್ ಕುಡಿಸಿದರೆ ಪುಟ್ಟ ಮಗುವಿನ ಹೊಟ್ಟೆಗೆ 10 ಮಿಲಿಗ್ರಾಂ ಹೋಗುತ್ತದೆ.

ಮಂಪರಿಗೆ ಇನ್ನೊಂದು ಕೆಡುಕಿದೆ. ನನಗೆ ಅತಿ ಹೆಚ್ಚು ಕಳವಳ ತರುವುದು ಇದೇ. ಗಂಟಲು ನೋವಿನ ಹೆಸರಿನಲ್ಲಿ ಕೆಲವೊಮ್ಮೆ ಬೇರೆ ಕಾಯಿಲೆಗಳು ಬರುತ್ತವೆ: ಗಂಟಲ ಹಿಂಭಾಗದಲ್ಲಿ ಕೀವು ಕಟ್ಟುವುದು, ಶ್ವಾಸನಾಳದ ಮುಚ್ಚಳದ ಊತ, ಲಸಿಕೆ ತಪ್ಪಿದ ಮಕ್ಕಳಲ್ಲಿ ನಮ್ಮ ರಾಜ್ಯದಲ್ಲಿ ಇನ್ನೂ ಕಾಣಿಸಿಕೊಳ್ಳುವ ಗಂಟಲುಮಾರಿ. ಇವುಗಳಲ್ಲಿ ಮಗು ಜೊಲ್ಲು ನುಂಗಲಾರದೆ ಸುರಿಸುತ್ತದೆ, ಕತ್ತು ತಿರುಗಿಸಲು ಬಿಡುವುದಿಲ್ಲ, ಉಸಿರೆಳೆದಾಗ ಕರ್ಕಶ ಸದ್ದು ಬರುತ್ತದೆ, ಮಂಕಾಗುತ್ತದೆ. ಮಗುವಿಗೆ ಮೊದಲೇ ಮಂಪರಿನ ಔಷಧ ಕುಡಿಸಿದ್ದರೆ ಈ ಮಂಕು ಕಾಯಿಲೆಯದೋ ಸಿರಪ್ಪಿನದೋ ಎಂದು ವೈದ್ಯರಿಗೂ ತಿಳಿಯುವುದಿಲ್ಲ. ಮಲಗಿದ ಮಗು ನೀರನ್ನೂ ಕುಡಿಯುವುದಿಲ್ಲ. ಜ್ವರವಿರುವ ಮಗು ಎಂಟು ಹತ್ತು ಗಂಟೆ ನೀರಿಲ್ಲದೆ ಮಲಗಿದರೆ ದೇಹ ಒಣಗುವುದು ಅಲ್ಲಿಂದಲೇ ಶುರು.

ಸರ್ಕಾರದ ನಿಯಮಗಳು ಎಲ್ಲಿಯವರೆಗೆ ಬಂದಿವೆ? ಕ್ಲೋರ್‌ಫೆನಿರಮಿನ್ ಮತ್ತು ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್ ಕೂಡಿದ ಔಷಧಗಳ ಮೇಲೆ ‘ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು’ ಎಂದು ಮುದ್ರಿಸಬೇಕೆಂಬ ಸೂಚನೆ 2023ರ ಡಿಸೆಂಬರ್‌ನಲ್ಲಿ ಬಂತು, 2025ರ ಏಪ್ರಿಲ್‌ನಲ್ಲಿ ಅಧಿಸೂಚನೆಯಾಯಿತು. ಛಿಂದ್ವಾಡಾದ ಸಾವುಗಳ ನಂತರ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದು ಎಂದಿತು. ಕರ್ನಾಟಕದ ಆರೋಗ್ಯ ಇಲಾಖೆಯೂ ಎರಡು ವರ್ಷದೊಳಗಿನವರಿಗೆ ಬೇಡವೆಂದು ಸೂಚಿಸಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಕಡ್ಡಾಯದ ಎಚ್ಚರಿಕೆ ಒಂದು ಜೋಡಿಗೆ ಮಾತ್ರ, ಉಳಿದದ್ದು ಸಲಹೆ. ಜೋಡಿಯಲ್ಲಿ ಒಂದು ಹೆಸರು ಬದಲಾದರೆ ಚೀಟಿಯ ಮೇಲಿನ ಎಚ್ಚರಿಕೆಯೂ ಇಲ್ಲವಾಗಬಹುದು. ಹಾಗಾಗಿ ಬಾಟಲಿಯ ಬ್ರ್ಯಾಂಡ್ ಹೆಸರನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಕೊಡೀನ್ ಫಾಸ್ಫೇಟ್, ಕ್ಲೋರ್‌ಫೆನಿರಮಿನ್ ಮೇಲಿಯೇಟ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಟ್ರೈಪ್ರೊಲಿಡಿನ್ ಇವುಗಳಲ್ಲಿ ಯಾವುದೇ ಕಂಡರೂ ಚಿಕ್ಕ ಮಗುವಿನ ಗಂಟಲು ನೋವಿಗೆ ಅದು ಬೇಡ. ಅಕ್ಷರ ಸಣ್ಣದಾಗಿದ್ದರೆ ಅಂಗಡಿಯವರಿಗೆ ‘ಇದರಲ್ಲಿ ನಿದ್ದೆ ಬರಿಸುವುದು ಏನಾದರೂ ಇದೆಯೇ?’ ಎಂದು ಕೇಳಿದರೂ ಸಾಕು.

ಹಾಗಾದರೆ ಗಂಟಲು ನೋವಿಗೆ ಏನು ಕೊಡುವುದು? ನೋವಿಗೆ ನೋವಿನ ಔಷಧವೇ, ಅಂದರೆ ಪ್ಯಾರಾಸಿಟಮಾಲ್ ಒಂದೇ ಇರುವ ಸಿರಪ್. ಸಾಮಾನ್ಯ ಲೆಕ್ಕ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ. 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ 7.5 ಮಿಲಿಲೀಟರ್, 250 ಮಿಲಿಗ್ರಾಂ ಇರುವುದಾದರೆ 3.6 ಮಿಲಿಲೀಟರ್. ಎರಡೂ ಬಾಟಲಿಗಳು ನೋಡಲು ಒಂದೇ ರೀತಿ ಇರುವುದರಿಂದ ಈ ಅಂಕಿಯನ್ನು ಪ್ರತಿ ಸಲ ನೋಡಿಕೊಳ್ಳಬೇಕು, ಅಡುಗೆಮನೆಯ ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಬೇಕು. ನೆಗಡಿಯ ಮಿಶ್ರ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು, ಎರಡನ್ನೂ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ಡೆಂಗಿ ಹರಡಿರುವ ದಿನಗಳಲ್ಲಿ ವೈದ್ಯರು ಹೇಳದೆ ಐಬುಪ್ರೊಫೇನ್ ಬೇಡ. ಮೂರು ತಿಂಗಳಿಗಿಂತ ಚಿಕ್ಕ ಕೂಸಿಗೆ ಜ್ವರ ಬಂದರೆ ಮನೆಯಲ್ಲಿ ಏನನ್ನೂ ಕೊಡದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು.

ಔಷಧದ ಆಚೆಗೆ ಅಜ್ಜಿಯರ ಮಾತು ಇಲ್ಲಿ ಸರಿಯಾಗಿಯೇ ಇದೆ: ಉಗುರುಬೆಚ್ಚಗಿನ ನೀರು, ಗಂಜಿ, ತಿಳಿಸಾರು, ಸ್ವಲ್ಪ ಸ್ವಲ್ಪವಾಗಿ ಆಗಾಗ. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೆಮ್ಮಿಗೆ ಹಿತ. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣು ಅವರ ಕರುಳಿನಲ್ಲಿ ಬೆಳೆಯಬಲ್ಲದು. ಮಗು ಎಂಟು ಗಂಟೆಗೂ ಹೆಚ್ಚು ಮೂತ್ರ ಮಾಡದಿದ್ದರೆ, ಜೊಲ್ಲು ನುಂಗದಿದ್ದರೆ, ಉಸಿರಿನಲ್ಲಿ ಸದ್ದು ಬಂದರೆ ಕಾಯಬಾರದು.

ಈಗಾಗಲೇ ಇಂಥ ಸಿರಪ್ ಕೊಟ್ಟಾಗಿದ್ದರೆ? ಒಂದು ಡೋಸ್ ಕುಡಿದ ಮಗು ಎಚ್ಚರವಾಗಿ ಆಡುತ್ತಿದ್ದರೆ ಮುಂದಿನದನ್ನು ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ, ಅಂದಿನ ರಾತ್ರಿ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಂಡು ಆಗಾಗ ಉಸಿರನ್ನು ಗಮನಿಸಿ. ಎಬ್ಬಿಸಿದರೆ ಕಣ್ಣು ಬಿಡದಿದ್ದರೆ, ಮೈ ಜೋತುಬಿದ್ದಿದ್ದರೆ, ಉಸಿರು ಬಿಟ್ಟು ಬಿಟ್ಟು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಪೂರ್ತಿ ಒಂದು ನಿಮಿಷ ಎಣಿಸಿದಾಗ ಎರಡು ಮೂರು ವರ್ಷದ ಮಗುವಿನ ಉಸಿರು ಇಪ್ಪತ್ತಕ್ಕಿಂತ ಕಡಿಮೆ ಬಂದು, ಮಗು ಮಂಕಾಗಿಯೂ ಇದ್ದರೆ ಅದು ಅಪಾಯದ ಸೂಚನೆ. ಕೊಡೀನ್‌ನಿಂದ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಆಂಟಿಹಿಸ್ಟಮಿನ್ ಅದನ್ನು ಹಿಗ್ಗಿಸುತ್ತದೆ. ಎರಡೂ ಇರುವ ಸಿರಪ್ಪಿನಲ್ಲಿ ಪಾಪೆ ಮಾಮೂಲಿನಂತೆ ಕಂಡರೂ ಸಮಾಧಾನ ಪಡುವಂತಿಲ್ಲ. ವಾಂತಿ ಮಾಡಿಸಲು, ಬಾಯಿಗೆ ನೀರು ಹಾಕಲು ಹೋಗಬೇಡಿ, ಮಂಪರಿನಲ್ಲಿರುವ ಮಗುವಿನ ಶ್ವಾಸಕೋಶಕ್ಕೆ ಅದು ಇಳಿಯಬಹುದು. ಆಸ್ಪತ್ರೆಗೆ ಹೊರಡುವಾಗ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಳ್ಳಿ. ನಾಲೊಕ್ಸೋನ್ ಎಂಬ ಚುಚ್ಚುಮದ್ದು ಕೊಡೀನ್‌ನ ಪರಿಣಾಮವನ್ನು ನಿಮಿಷಗಳಲ್ಲಿ ಹಿಂತಿರುಗಿಸಬಲ್ಲದು, ಆಂಟಿಹಿಸ್ಟಮಿನ್ ಮೇಲೆ ಅದು ಕೆಲಸ ಮಾಡದು. ಅದನ್ನು ಕೊಡಬೇಕೋ ಬೇಡವೋ ಎಂದು ವೈದ್ಯರು ಬೇಗ ನಿರ್ಧರಿಸಲು ಆ ಚೀಟಿಯ ಮೇಲಿನ ಹೆಸರುಗಳು, ಎಷ್ಟು ಗಂಟೆಗೆ ಎಷ್ಟು ಮಿಲಿಲೀಟರ್ ಕುಡಿಸಿದಿರಿ ಎಂಬ ನಿಮ್ಮ ಮಾತು ಎರಡೂ ಬೇಕಾಗುತ್ತವೆ.